ಜರಡಿ ಅಕ್ಕನ ಎಂಟು ಹಾಳೆಗಳು

ನಮ್ಮ ಆಸ್ಪತ್ರೆಯ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತು ಕೆಲಸ ಮಾಡಿದ ಅವಳನ್ನು ಎಲ್ಲರೂ ಜರಡಿ ಅಕ್ಕ ಎನ್ನುತ್ತಿದ್ದರು. ಹೆಸರಿಟ್ಟವಳು ನಾನೇ. ಅದಕ್ಕೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು, ನಾಲ್ಕನೇ ದಿನ ತಾನೇ ಫೋನೆತ್ತಿ "ಜರಡಿ ಮಾತಾಡ್ತಿರೋದು" ಅಂದಳು. ನಾನು ಅದೇ ಕೋಣೆಯಲ್ಲಿ ಎದುರು ಮೇಜಿನ ಗುಮಾಸ್ತೆ. ನನ್ನ ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಆದ ಅನಾಹುತದಲ್ಲಿ ಅದಕ್ಕೂ ಪಾಲಿದೆ.

ಅವಳ ಕೆಲಸ ಇಷ್ಟು. ವರ್ಷಕ್ಕೊಮ್ಮೆ ಪ್ರತಿ ವಾರ್ಡಿನ ಮುಖ್ಯಸ್ಥರ ಬಗ್ಗೆ ಎಂಟು ಜನ ಅಭಿಪ್ರಾಯ ಬರೆದುಕೊಡಬೇಕು. ಮೇಲಿನವರು ಒಬ್ಬರು, ಸರೀಕರು ಮೂವರು, ಕೈಕೆಳಗಿನವರು ನಾಲ್ವರು. ಆ ಎಂಟು ಹಾಳೆ ಅಕ್ಕನ ಕೈಗೆ ಬರುತ್ತದೆ, ಅವಳ ಕೈಯಿಂದ ಒಂದೇ ವರದಿ ಹೊರಗೆ ಹೋಗುತ್ತದೆ. ಏನು ಹೇಳಿದರು ಅನ್ನುವುದು ಅದರಲ್ಲಿರಬೇಕು, ಯಾರು ಹೇಳಿದರು ಅನ್ನುವುದು ಇರಬಾರದು.

ಕೇಳುವುದಕ್ಕೆ ಸುಲಭ. ಮಾಡಿ ನೋಡಿದವರಿಗೇ ಗೊತ್ತು ಅದರ ಕಷ್ಟ. ಅಕ್ಕ ಒಂದೊಂದು ಮಾತನ್ನೂ ಒಂದೊಂದು ಚೀಟಿಗೆ ತನ್ನ ಕೈಬರಹದಲ್ಲಿ ಇಳಿಸಿಕೊಳ್ಳುತ್ತಿದ್ದಳು. ಚೀಟಿಗಳನ್ನೆಲ್ಲ ಕಲಸಿ, ವಿಷಯಕ್ಕೊಂದು ಗುಂಪು ಮಾಡುತ್ತಿದ್ದಳು. ಕಡೇಪಕ್ಷ ಮೂರು ಜನ ಹೇಳಿದ ಮಾತು ಮಾತ್ರ ವರದಿಗೆ. ಒಬ್ಬರೇ ಹೇಳಿದ್ದಾದರೆ ಅದು ದೊಡ್ಡ ವಿಷಯದೊಳಗೆ ಕರಗಬೇಕು, ಕರಗದಿದ್ದರೆ ಹೊರಗಿರಬೇಕು. ತಾರೀಖು ಇಲ್ಲ, ಪಾಳಿ ಇಲ್ಲ, ರೋಗಿಯ ಗುರುತಿಲ್ಲ, ಯಾರ ಮಾತನ್ನೂ ಅವರ ಬಾಯಿಂದ ಬಂದ ಹಾಗೇ ಹಾಕುವಂತಿಲ್ಲ. ಹೊಗಳಿಕೆಗೂ ಅದೇ ಅಳತೆ. ಐದು ಜನ ಮೆಚ್ಚಿ ಮೂರು ಜನ ದೂರಿದ್ದರೆ ವರದಿಯಲ್ಲೂ ತೂಕ ಹಾಗೇ ಇರಬೇಕು. "ಕಹಿ ಮಾತ್ರೆಗೆ ಬೆಲ್ಲ ಸವರೋ ಕೆಲ್ಸ ನಂದಲ್ಲ" ಅನ್ನುತ್ತಿದ್ದಳು.

ಕೊನೆಗೆ ಇನ್ನೊಂದು ಪರೀಕ್ಷೆ ಇತ್ತು, ಅದು ನನ್ನದು. ಬರೆದ ವರದಿಯನ್ನು ನನ್ನ ಮುಂದಿಟ್ಟು, "ಓದೇ. ಯಾರ ವಾಸನೆ ಬರುತ್ತೆ ಹೇಳು" ಅನ್ನುತ್ತಿದ್ದಳು. ನಾನು ವಾರ್ಡು ವಾರ್ಡು ತಿರುಗಿ ಬಂದವಳು, ಯಾರು ಎಲ್ಲಿ ಏನು ಮಾಡುತ್ತಾರೆ ಅನ್ನುವುದೆಲ್ಲ ನಾಲಿಗೆ ತುದಿಯಲ್ಲಿ. ಅಕ್ಕ ಒಂದು ದಿನವೂ ವಾರ್ಡಿನಲ್ಲಿ ಕೆಲಸ ಮಾಡಿದವಳಲ್ಲ. "ಇದು ಎಕ್ಸ್‌ರೇಯವನ ಮಾತು, ತೆಗಿ" ಅಂದರೆ ಮರುಮಾತಿಲ್ಲದೆ ತೆಗೆಯುತ್ತಿದ್ದಳು. ನಾನು ಸುಮ್ಮನೆ ಕೊಟ್ಟರೆ ಮಾತ್ರ ವರದಿ ಹೊರಗೆ ಹೋಗುತ್ತಿತ್ತು.

ಆ ವರ್ಷ ಮೂರನೇ ಮಹಡಿಯ ಮುಖ್ಯಸ್ಥೆ ದೊಡ್ಡ ಸಿಸ್ಟರ್ ಸರದಿ ಬಂದಾಗಿನ ಮಾತು. ಪಾರ್ಶ್ವವಾಯು ಹೊಡೆದವರು, ಸೊಂಟ ಮುರಿದವರು ಮಲಗುವ ವಾರ್ಡು ಅವರದು. ಎಂಟು ಜನರಲ್ಲಿ ಒಬ್ಬಳು ಆ ವಾರ್ಡಿನ ಆಯಮ್ಮ. ಗುತ್ತಿಗೆ ಕೆಲಸದವಳು, ಆರು ತಿಂಗಳಿಗೊಮ್ಮೆ ದೊಡ್ಡ ಸಿಸ್ಟರ್ ಸಹಿ ಬಿದ್ದರೆ ಮುಂದುವರಿಕೆ, ಇಲ್ಲದಿದ್ದರೆ ಮನೆಗೆ. ಅವಳ ತಾಯಿಗೆ ಎರಡೂ ಮೂತ್ರಪಿಂಡ ಹೋಗಿತ್ತು. ಸಿಬ್ಬಂದಿ ಕಾರ್ಡು ಇದ್ದದ್ದರಿಂದ ವಾರಕ್ಕೆ ಎರಡು ಸಲ ನಮ್ಮಲ್ಲೇ ಪುಕ್ಕಟೆ ಡಯಾಲಿಸಿಸ್. ಕಾರ್ಡು ಹೋದರೆ ತಾಯಿಯೂ ಹೋದಳು ಅಂತಲೇ ಲೆಕ್ಕ.

ಹಾಳೆ ಕೊಡಲು ಬಂದಾಗ ಆಯಮ್ಮ ಬಾಗಿಲಲ್ಲೇ ನಿಂತಿದ್ದಳು. "ಬರ್ದಿದೀನಿ ಅಕ್ಕ. ಆದ್ರೆ ಕೊಡೋಕೆ ಭಯ ಆಗ್ತಿದೆ. ಗೊತ್ತಾಗಲ್ಲ ತಾನೇ?"

"ನನ್ನ ಮೇಲೆ ಭಾರ ಹಾಕಿ ಹೋಗಮ್ಮ" ಅಂದಳು ಜರಡಿ ಅಕ್ಕ. ನಾನು ಕೇಳಿಸಿಕೊಂಡೆ.

ಆ ವಾರವೇ ನಮ್ಮಿಬ್ಬರಿಗೂ ಕಿಟಕಿಯ ಜಗಳ. ಹೌದು, ಕಿಟಕಿ! ಅವಳಿಗೆ ಗಾಳಿ ಬೇಕು, ನನಗೆ ಕಾಗದ ಹಾರಬಾರದು. ಅವಳು ತೆಗೆಯುವುದು, ನಾನು ಹಾಕುವುದು. ಕೊನೆಗೆ ಅವಳು ಅಟೆಂಡರ್ ಎದುರಿಗೇ "ಇವಳ ಜೊತೆ ಕೂತು ನನಗೆ ಉಸಿರು ಕಟ್ಟಿದೆ" ಅಂದುಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ದಿನ ಮುಖ ಗಂಟಿಕ್ಕಿಕೊಂಡು ಕೂತೆ. ಮೂರನೇ ದಿನ ಅವಳು ದೊಡ್ಡ ಸಿಸ್ಟರ್ ವರದಿಯನ್ನು ನನ್ನ ಮೇಜಿನ ಮೇಲೆ ಇಟ್ಟಳು, ಮಾತಿಲ್ಲದೆ. ನಾನು ಅದನ್ನು ಹತ್ತು ನಿಮಿಷ ಮುಂದೆ ಹಿಡಿದುಕೊಂಡು ಕೂತಿದ್ದೆ, ಒಂದಕ್ಷರವೂ ಓದಲಿಲ್ಲ. ವಾಪಸು ಇಟ್ಟು "ಸರಿಯಾಗಿದೆ" ಅಂದೆ.

ವರದಿ ನಿಜಕ್ಕೂ ಚೆನ್ನಾಗಿತ್ತು, ಆಮೇಲೆ ಓದಿದಾಗ ಗೊತ್ತಾಯಿತು. ಸೂಜಿ ಚುಚ್ಚಲು ಬೇರೆಯವರಿಗೆ ಸಿಗದ ರಕ್ತನಾಳ ಅವರ ಕೈಗೆ ಸಿಗುತ್ತದೆ, ಹೊಸಬರಿಗೆ ಕೂತು ಕಲಿಸುತ್ತಾರೆ, ರೋಗಿಗೆ ಕಾಯಿಲೆ ಜೋರಾದರೆ ಪಾಳಿ ಮುಗಿದರೂ ಮನೆಗೆ ಹೋಗುವುದಿಲ್ಲ. ಇವೆಲ್ಲ ಆರೇಳು ಜನರ ಮಾತು. ಆಮೇಲೆ ಮೂವರ ದೂರು: ಸಹಾಯಕ್ಕೆ ಕರೆದರೆ ಬೇಗ ಬರುವುದಿಲ್ಲ, ಬಂದರೂ ಗದರುತ್ತಾರೆ. ಇಬ್ಬರು ನರ್ಸುಗಳೂ ಆಯಮ್ಮನೂ ಹೇಳಿದ್ದು, ಮೂರರ ಲೆಕ್ಕ ಸರಿಯಾಗಿತ್ತು. ಆದರೆ ಬರೀ ಹಾಗೆ ಹೇಳಿದರೆ ಏನು ತಿದ್ದಿಕೊಳ್ಳಬೇಕೆಂದು ತಿಳಿಯುವುದಿಲ್ಲ ಅಂತ ಅಕ್ಕ ಒಂದು ಉದಾಹರಣೆ ಸೇರಿಸಿದ್ದಳು. "ಮುಖ್ಯವಾಗಿ ರೋಗಿಯ ಮಗ್ಗುಲು ಬದಲಿಸಲು ಇನ್ನೊಂದು ಕೈ ಬೇಕಾದಾಗ."

ಮಗ್ಗುಲು ಬದಲಿಸುವುದು ವಾರ್ಡಿನಲ್ಲಿ ಎಲ್ಲರೂ ಮಾಡುವ ಕೆಲಸ ಅಂತ ಅವಳು ಅಂದುಕೊಂಡಿದ್ದಳು. ಬೇರೆ ವಾರ್ಡಿನಲ್ಲಿ ಹೌದು. ಮೂರನೇ ಮಹಡಿಯಲ್ಲಿ ಆ ಕೆಲಸ ಹಿಡಿಯುವವಳು ಆಯಮ್ಮ ಒಬ್ಬಳೇ, ಇನ್ನೊಂದು ಕೈ ಬೇಕು ಅಂತ ಕೂಗುವವಳೂ ಅವಳೊಬ್ಬಳೇ. ನಾನು ಆ ವಾರ್ಡಿನ ಮೇಜಿನಲ್ಲಿ ಎರಡು ವರ್ಷ ಇದ್ದೆ. ಆ ಸಾಲಿನ ಮೇಲೆ ಕಣ್ಣು ಹಾಯಿಸಿದ್ದರೆ ಸಾಕಿತ್ತು.

ದೊಡ್ಡ ಸಿಸ್ಟರ್ ನಮ್ಮ ಕೋಣೆಯಲ್ಲೇ ಕೂತು ವರದಿ ಓದಿದರು. ಹೊಗಳಿಕೆ ಓದುವಾಗ ಅವರ ಕಣ್ಣು ಒದ್ದೆಯಾಯಿತು. ಕೆಳಗಿನ ಉದಾಹರಣೆಯ ಸಾಲಿಗೆ ಬಂದಾಗ ಓದು ನಿಂತಿತು. ಎರಡನೇ ಸಲ ಓದಿದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ಥ್ಯಾಂಕ್ಸ್ ಮೇಡಂ" ಅಂತ ಹೊರಟುಹೋದರು.

ಮರುದಿನ ಆಯಮ್ಮ ಓಡಿಬಂದಳು. "ಸಿಸ್ಟರ್ ನನ್ನ ಕಡೆ ನೋಡ್ತಾನೇ ಇಲ್ಲ. ಶನಿವಾರ ಸಹಿ ಅಕ್ಕ! ಏನಾಯ್ತು? ಭಾರ ಹಾಕು ಅಂದ್ರಲ್ಲ ನೀವು?"

ಅಕ್ಕ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡು ಹುಡುಕಿದಳು. ಮಗ್ಗುಲು ಅನ್ನುವ ಪದ ಇದ್ದದ್ದು ಒಂದೇ ಚೀಟಿಯಲ್ಲಿ. ಅವಳ ಕೈ ಅಲ್ಲೇ ನಿಂತಿತು.

ಅಕ್ಕ ಮೂರನೇ ಮಹಡಿಗೆ ಹೋದಳು, ನಾನೂ ಹಿಂದೆ ಹೋದೆ. ದೊಡ್ಡ ಸಿಸ್ಟರ್ ಔಷಧಿ ಬೀರುವಿನ ಹತ್ತಿರ ನಿಂತಿದ್ದರು.

"ಮೇಡಂ, ಒಂದೇ ಮಾತು ಹೇಳಿ. ಆಯಮ್ಮ ಅಲ್ಲ ಅನ್ನಿ, ಸಹಿ ಹಾಕ್ತೀನಿ" ಅಂದರು.

ಅಲ್ಲ ಅಂದರೆ ಉಳಿದ ಏಳು ಜನರ ಮೇಲೆ ಸಂಶಯ. ಇವತ್ತು ಒಬ್ಬರ ಹೆಸರಿಗೆ ಅಲ್ಲ ಅಂದರೆ ನಾಳೆ ಇನ್ನೊಬ್ಬರ ಹೆಸರಿಗೆ ಸುಮ್ಮನಿದ್ದಾಗ ಅದೇ ಹೌದು ಆಗುತ್ತದೆ. ಮೇಲಾಗಿ ಅದು ಸುಳ್ಳು. ಅಕ್ಕ ಸೆರಗಿನ ತುದಿ ಹಿಂಡಿಕೊಳ್ಳುತ್ತಾ ನಿಂತಳು.

"ಯಾರ ಹೆಸರಿಗೂ ನಾನು ಹೌದು ಅನ್ನಲ್ಲ, ಅಲ್ಲ ಅನ್ನಲ್ಲ. ಉದಾಹರಣೆ ಹಾಕಿದ್ದು ನನ್ನ ತಪ್ಪು ಸಿಸ್ಟರ್. ಬೈಯ್ಯೋದಿದ್ರೆ ನನ್ನ ಬೈರಿ."

"ಗೊತ್ತಾಯ್ತು ಬಿಡಿ" ಅಂದರು ದೊಡ್ಡ ಸಿಸ್ಟರ್. "ಹನ್ನೊಂದು ವರ್ಷ ಅವಳನ್ನ ಜೊತೆಗಿಟ್ಟುಕೊಂಡಿದ್ದೆ. ಮುಖಕ್ಕೆ ಹೇಳ್ಬಹುದಿತ್ತು."

ಮೆಟ್ಟಿಲಿಳಿದವಳೇ ಅಕ್ಕ ಆಸ್ಪತ್ರೆಯ ಅಧೀಕ್ಷಕರಿಗೆ ಪತ್ರ ಬರೆದಳು. ವರದಿಯಲ್ಲಿ ದೋಷವಿದೆ, ಹಿಂಪಡೆಯಬೇಕು, ಈ ಸಲ ಆ ವಾರ್ಡಿನ ಗುತ್ತಿಗೆ ಸಹಿಯನ್ನು ಬೇರೆಯವರು ಮಾಡಬೇಕು, ತಪ್ಪು ತನ್ನದು ಅಂತ. ಪತ್ರ ಹಿಡಿದು ಅವರ ಬಾಗಿಲಲ್ಲಿ ಮೂರು ಗಂಟೆ ನಿಂತಳು.

"ಹಾಳೆ ವಾಪಸ್ ತಗೊಂಡ್ರೆ ಓದಿದ್ದು ವಾಪಸ್ ಹೋಗುತ್ತೇನಮ್ಮ?" ಅಂದರು ಅವರು. "ಕಳಿಸೋ ಮೊದಲು ಇನ್ನೊಬ್ರು ಓದ್ತಾರೆ ಅಂತಿದ್ರಲ್ಲ. ಯಾರು ಓದಿದ್ದು?"

ನಾನು ಫೈಲು ಎದೆಗೊತ್ತಿಕೊಂಡು ಅವಳ ಪಕ್ಕದಲ್ಲೇ ನಿಂತಿದ್ದೆ.

"ಯಾರ ಹೆಸರೂ ಹೇಳಲ್ಲ ಸರ್. ನನ್ನ ಕೈಯಿಂದ ಹೋಗಿದ್ದು, ನನ್ನದೇ" ಅಂದಳು ಅಕ್ಕ.

ನಾನು ಹೇಳಬಹುದಿತ್ತು. ಹೇಳಲಿಲ್ಲ. ನಾಲಿಗೆ ಬಿದ್ದುಹೋಗಿತ್ತೇನೋ, ಊರೆಲ್ಲ ಹೆದರುವ ನನ್ನ ನಾಲಿಗೆ!

ಅಧೀಕ್ಷಕರು ಸೋಮವಾರ ನೋಡೋಣ ಅಂದರು. ಶನಿವಾರ ಪಟ್ಟಿ ಬಂತು, ಆಯಮ್ಮನ ಹೆಸರಿರಲಿಲ್ಲ. ಸೋಮವಾರ ಅವರು ರಜೆಯಲ್ಲಿದ್ದರು. ಅಕ್ಕ ಮೇಲಿನ ಕಚೇರಿಗೆ ಹೋದಳು, ಡಯಾಲಿಸಿಸ್ ವಿಭಾಗದವರ ಕಾಲು ಹಿಡಿದಳು, ಕಾರ್ಡು ಇಲ್ಲದೆ ಎರಡು ವಾರ ಮಾಡಿಸಿದಳು. ಮೂರನೇ ವಾರ ಕಾರ್ಡಿಲ್ಲದೆ ಆಗುವುದಿಲ್ಲ ಅಂದರು, ಯಂತ್ರದ ಮುಂದೆ ಆಯಮ್ಮನ ತಾಯಿಯನ್ನು ಕೂರಿಸಿಕೊಂಡು ಅಕ್ಕ ಅತ್ತಳು. ಆಮೇಲೆ ಆ ಮುದುಕಿ ಬರಲಿಲ್ಲ. ಎರಡು ತಿಂಗಳಲ್ಲಿ ಸಾವಿನ ಸುದ್ದಿ ಬಂತು.

ಅಕ್ಕ ಅವಧಿಗೆ ಮುಂಚೆಯೇ ನಿವೃತ್ತಿ ಬರೆದುಕೊಟ್ಟಳು. ಅವಳ ಕೆಲಸ ನನ್ನ ತಲೆಗೆ ಬಂತು.

ಈ ವರ್ಷ ಮತ್ತೆ ಮೂರನೇ ಮಹಡಿಯ ಎಂಟು ಹಾಳೆ ಬಂದವು. ನಾನು ಚೀಟಿ ಹರಿದಿಟ್ಟುಕೊಂಡು ಕೂತೆ. ಮೊದಲ ಹಾಳೆಯಲ್ಲಿ "ಎಲ್ಲಾ ಚೆನ್ನಾಗಿದೆ." ಎರಡನೆಯದರಲ್ಲೂ ಅದೇ. ಎಂಟರಲ್ಲೂ ಅದೇ ಎರಡು ಪದ. ಜರಡಿ ಹಿಡಿಯಲು ಏನೂ ಇರಲಿಲ್ಲ. ಆ ವಾರ್ಡಿನಲ್ಲಿ ಈಗ ಮಗ್ಗುಲು ಬದಲಿಸುವವರಿಲ್ಲದೆ ಮಲಗಿದವರ ಬೆನ್ನು ಹುಣ್ಣಾಗುತ್ತಿದೆ ಅಂತ ನನಗೆ ಗೊತ್ತು, ಹಾಳೆಗೆ ಗೊತ್ತಿಲ್ಲ.

ಅವತ್ತೇ ಸಂಜೆ ಅಕ್ಕನ ಮನೆಗೆ ಹೋದೆ. ಅವಳು ಕಿಟಕಿ ಹಾಕಿಕೊಂಡು ಕೂತಿದ್ದಳು. ನಾನು ಕುರ್ಚಿಯ ಮೇಲೂ ಕೂರದೆ ಹೇಳಿಬಿಟ್ಟೆ. "ಅಕ್ಕಾ, ಅವತ್ತು ನಾನು ವರದಿ ಓದಿರಲಿಲ್ಲ. ಕೋಪ ಬಂದಿತ್ತು. ಓದದೇ ಸರಿಯಾಗಿದೆ ಅಂದೆ."

"ಗೊತ್ತು ಕಣೇ."

"ಗೊತ್ತಿತ್ತಾ? ಯಾವಾಗ ಗೊತ್ತಾಯ್ತು?"

"ಅವತ್ತೇ. ಹತ್ತು ನಿಮಿಷ ನಿನ್ನ ಮುಖಾನೇ ನೋಡ್ತಾ ಕೂತಿದ್ದೆ. ನಿನ್ನ ಕಣ್ಣು ಒಂದೇ ಕಡೆ ನೆಟ್ಟಿತ್ತು, ಒಂದು ಸಾಲೂ ಕೆಳಗಿಳಿಲಿಲ್ಲ." ಅವಳು ನನ್ನನ್ನು ನೋಡಲಿಲ್ಲ. "ಓದೇ ಅಂತ ಒಂದು ಸಲ ಹೇಳಿದ್ರೆ ಆಗ್ತಿತ್ತು. ನಾನ್ಯಾಕೆ ಮೊದ್ಲು ಮಾತಾಡ್ಲಿ ಅಂತ ಕವರಿಗೆ ಹಾಕಿ ಕಳಿಸ್ಬಿಟ್ಟೆ."

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಆಯಮ್ಮನ ತಾಯಿಯನ್ನು ನಾವಿಬ್ಬರೂ ಒಂದು ಕಿಟಕಿಗೋಸ್ಕರ ಬಲಿಕೊಟ್ಟಿದ್ದೆವು. ಅಕ್ಕ ಎದ್ದುಹೋಗಿ ಕಿಟಕಿ ತೆಗೆದಳು, ನಾನು ಬೇಡ ಅನ್ನಲಿಲ್ಲ.