ಹಿಮದ ಬೆಟ್ಟಕ್ಕೆ ಹೊರಟವರು ಕಟ್ಟಿದ ಮನೆ

ನಾದಿನಿ ಹೆರಿಗೆಗೆಂದು ಪಿರಿಯಾಪಟ್ಟಣದ ನಮ್ಮ ಮನೆಗೆ ಬಂದಾಗ ಬಟ್ಟೆಯ ಬ್ಯಾಗಿನ ಜೊತೆಗೆ ಲ್ಯಾಪ್‌ಟಾಪನ್ನೂ ತಂದಿದ್ದಳು. ಹೆಚ್ಚು ಓಡಾಡಬೇಡ ಎಂದು ಡಾಕ್ಟರು ಹೇಳಿದ್ದರು. ನಾನು ಹುಣಸೂರಿನ ಕಾಲೇಜಿನಲ್ಲಿ ಪಾಠ ಮುಗಿಸಿ ಬಸ್ಸಿಳಿದು ಬರುವಾಗ ಅವಳು ಮಂಚದ ಮೇಲೆ ಒರಗಿಕೊಂಡು ಪರದೆಯ ಕಾಡಿನಲ್ಲಿ ಕಡ್ಡಿ ಆರಿಸುತ್ತಿರುತ್ತಿದ್ದಳು. ಬರಿಗೈಯಲ್ಲಿ ಕಾಡಿಗೆ ಬಿದ್ದು, ಸಿಕ್ಕಿದ್ದರಲ್ಲೇ ಹತಾರ ಮಾಡಿಕೊಂಡು, ಹಸಿವು, ಚಳಿ, ತೋಳಗಳ ನಡುವೆ ಬದುಕಿ ಉಳಿಯುವ ಆಟ ಅದು. ಇಬ್ಬರು ಸೇರಿಯೂ ಆಡಬಹುದು. ನನ್ನ ಲ್ಯಾಪ್‌ಟಾಪಿಗೂ ಹಾಕಿಕೊಟ್ಟಳು.

ಅವಳಿಗಿದ್ದ ಆಸೆ ಒಂದೇ. ಆ ಲೋಕದ ಉತ್ತರದ ತುದಿಯಲ್ಲಿ ಒಂದು ಹಿಮದ ಬೆಟ್ಟವಿತ್ತು.

“ಅದ್ನ ಹತ್ಬುಟ್ಟು ಬರಾಣ ಅತ್ತಿಗೆ. ಮಗು ಆದ್ಮೇಲೆ ಅವ್ವ ಮೊಬೈಲ್ ಮುಟ್ಟಕ್ಕೂ ಬುಡಾಕಿಲ್ಲ.”

ನಿಜವೇ. ಬಾಣಂತಿ ಕಣ್ಣಿಗೆ ಆಯಾಸ ಮಾಡಿಕೊಳ್ಳಬಾರದು ಎನ್ನುವುದರಲ್ಲಿ ಅತ್ತೆಯವರು ಬಿಗಿ. ಬಾಣಂತನ ಮುಗಿದರೆ ಕೆ.ಆರ್. ನಗರದ ಕಡೆಯ ಗಂಡನ ಮನೆ. ಅಲ್ಲಿ ತುಂಬು ಸಂಸಾರ. ಹೆರಿಗೆಯವರೆಗೆ ಎಷ್ಟು ಸಂಜೆ ಸಿಗುತ್ತವೋ ಅಷ್ಟೇ ನಮ್ಮವು.

ಮೊದಲ ಸಂಜೆಯೇ ಅವಳು ದಾರಿ ಹೇಳಿದ್ದಳು. ಮೊದಲು ಕೊಡಲಿ, ಪಿಕಾಸಿ. ಕತ್ತಲಾಗುವುದರೊಳಗೆ ಒಂದು ಹಾಸಿಗೆ, ಒಂದು ಒಲೆ, ಒಂದು ಪೆಟ್ಟಿಗೆ ಹಿಡಿಯುವಷ್ಟು ಗುಡಿಸಲು. ಅದೂ ಮರ, ಕಲ್ಲು, ನೀರು ಮೂರೂ ಹತ್ತಿರವಿರುವ ಕಡೆ. ಹೊಟ್ಟೆಗೆ ಬೇಟೆಯ ಮಾಂಸ, ಹಸಿಯದು ಬೇಡ, ಸುಟ್ಟದ್ದು. ಅದರ ತೊಗಲಿನಿಂದಲೇ ಚಳಿಗೆ ಉಡುಪಾಗುತ್ತದೆ. ಬಂಡೆಯಿಂದ ಅದಿರು ತೆಗೆದು ಕಬ್ಬಿಣದ ಹತಾರ ಮಾಡಿಕೊಂಡರೆ ಬೆಟ್ಟಕ್ಕೆ ಹೊರಡಬಹುದು.

ನಾನು ಹೊಳೆದಂಡೆಯ ಬಯಲನ್ನು ನೋಡಿ ಮರುಳಾದೆ. ಬೇಸಾಯದ ಮನೆಯಲ್ಲಿ ಹುಟ್ಟಿದವಳಿಗೆ ಅಂಥ ಸಮತಟ್ಟಾದ ನೆಲ ಬಿಟ್ಟು ಬಂಡೆಯ ಬುಡದಲ್ಲಿ ಮನೆ ಕಟ್ಟುವುದು ಹುಚ್ಚೆನಿಸಿತು. ಉಬ್ಬುತಗ್ಗು ತೆಗೆದು ಹದ ಮಾಡಿದೆ. ಬೀಜ ಬಿತ್ತಿ ಬೇಲಿ ಹಾಕಿದೆ. ಪೈರು ಬರುವ ತನಕ ತಿನ್ನಲು ಕಾಡಿನ ಹಣ್ಣು ಬಿಟ್ಟರೆ ಬೇರೇನಿರಲಿಲ್ಲ. ಅದರಲ್ಲಿ ಮೈಗೆ ಶಕ್ತಿ ಬರುವುದಿಲ್ಲ, ನಾಲ್ಕು ಏಟು ಹಾಕುವುದರಲ್ಲಿ ದಣಿವು. ಕಲ್ಲು ಬೇಕೆಂದರೆ ದೂರದ ಗುಡ್ಡಕ್ಕೆ ಹೋಗಬೇಕು. ಹೊರೆ ಹೆಚ್ಚಾದರೆ ಓಡಲಾಗದು. ದಾರಿಯಲ್ಲೇ ಕತ್ತಲಾಗಿ ತೋಳಗಳು ಮೇಲೆ ಬೀಳುತ್ತಿದ್ದವು. ಸತ್ತರೆ ಮನೆಯ ಹಾಸಿಗೆಯಲ್ಲಿ ಎದ್ದೇಳುತ್ತೇವೆ, ಆದರೆ ಸಾಮಾನೆಲ್ಲ ಸತ್ತ ಜಾಗದಲ್ಲೇ ಉಳಿಯುತ್ತದೆ. ಅದನ್ನು ತರಲು ಬರಿಗೈಯಲ್ಲಿ ಹೋಗಿ ಮತ್ತೆ ಸಾಯುವುದು. ಹೀಗೆ ಎಷ್ಟೋ ಸಂಜೆಗಳು ಹೋದವು.

ಗೋಡೆ ಎದ್ದ ದಿನ ಅತ್ತೆಯವರು ಸೊಪ್ಪು ಸೋಸುತ್ತ ಬಂದು ಇಣುಕಿದರು.

“ಇದೇನವ್ವ, ಬಾಗ್ಲು ದಕ್ಷಿಣಕ್ಕೆ ಮಡಗಿದ್ದೀರಿ?”

“ಆಟ ಕಣವ್ವ ಅದು,” ಅಂದಳು ನಾದಿನಿ.

“ಆಟಾನೇ ಇರ್ಲಿ. ಬಸುರಿ ಕೈಲಿ ಕಟ್ಟುಸ್ತಾ ಅವ್ಳೆ ನಿಮ್ಮತ್ತಿಗೆ.”

ಗೋಡೆ ಕೆಡವಿ ಬಾಗಿಲನ್ನು ಪೂರ್ವಕ್ಕೆ ತಿರುಗಿಸಿದೆವು. ಅದು ಅತ್ತೆಯ ಮಾತಿಗೆ ಎಂದೇ ಇಷ್ಟು ದಿನ ನಂಬಿದ್ದೆ. ಈಗ ಬರೆಯುವಾಗ ಅನುಮಾನ ಬರುತ್ತಿದೆ. ಅವರು ನಗುತ್ತ ಹೇಳಿ ಅಡುಗೆಮನೆಗೆ ಹೋಗಿದ್ದಿರಬೇಕು. ಕೊಡಲಿ ಎತ್ತಿಕೊಂಡವಳು ನಾನೇ ಇರಬೇಕು. ಜಗಲಿಯೂ ಇರಲಿ ಅಂದವಳಂತೂ ನಾನೇ, ಅದರಲ್ಲಿ ಸಂಶಯವಿಲ್ಲ. ನಾದಿನಿ ತಡೆದಳೇ? ಒಮ್ಮೆ, “ಬೆಟ್ಟ ಅತ್ತಿಗೆ,” ಎಂದಷ್ಟೇ ನೆನಪಿಸಿದ ಹಾಗಿದೆ. ಎರಡು ಸಲವೂ ಹೇಳಿರಬಹುದು. ಆಮೇಲೆ ಸುಮ್ಮನೆ ನನ್ನ ಜಗಲಿಗೆ ಮರ ಕಡಿದು ತಂದಳು.

ಹೇಳಿದ್ದ ದಿನಕ್ಕಿಂತ ಮೊದಲೇ ನೋವು ಬಂತು. ಹೆಣ್ಣು ಮಗು. ಆಟದಲ್ಲಿ ನಮ್ಮ ಕೈಯಲ್ಲಿ ಆಗಿನ್ನೂ ಕಲ್ಲಿನ ಕೊಡಲಿಯೇ ಇತ್ತು. ಕಬ್ಬಿಣದ ಮುಖ ನೋಡಿರಲಿಲ್ಲ. ಅತ್ತೆಯವರು ಮಗಳ ಲ್ಯಾಪ್‌ಟಾಪನ್ನು ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಬಾಣಂತನ ಮುಗಿಸಿ ಹೋಗುವಾಗ ನಾದಿನಿ ಅದನ್ನು ನಮ್ಮಲ್ಲೇ ಬಿಟ್ಟು ಹೋದಳು. ಅಲ್ಲಿ ಅದನ್ನು ಯಾರು ಬಿಚ್ಚುತ್ತಾರೆ ಅಂದಳು.

ರಜೆ ಬಂದಾಗ ನಾನೊಬ್ಬಳೇ ಹೊಸದಾಗಿ ಶುರು ಮಾಡಿದೆ, ಅವಳು ಹೇಳಿದ್ದ ಕ್ರಮದಲ್ಲೇ. ಬಂಡೆಯ ಪಕ್ಕ ಬಚ್ಚಲಿನಷ್ಟು ಗುಡಿಸಲು ಹಾಕಿದೆ. ಉಳುಮೆಯ ಗೋಜಿಗೆ ಹೋಗದೆ ಜಿಂಕೆ ಹೊಡೆದು ಸುಟ್ಟು ತಿಂದೆ, ತೊಗಲು ಕೂಡಿಟ್ಟೆ. ನಾಚಿಕೆಯಾಗುವಷ್ಟು ಬೇಗ ಬೆಟ್ಟದ ತುದಿ ತಲುಪಿದೆ. ಖುಷಿಗೆ ಯೋಚಿಸದೆ ಅವಳಿಗೆ ಫೋನು ಮಾಡಿಬಿಟ್ಟೆ.



“ನೀವೊಬ್ರೇ ಹೋಗ್ಬುಟ್ರಾ?”

ಹೇಗಿತ್ತು ಎಂದು ಆಮೇಲೆ ಕೇಳಿದಳು. ಮಂಜು ಕವಿದಿತ್ತು, ಏನೂ ಕಾಣಲಿಲ್ಲ ಅಂದೆ. ಮಂಜು ನಿಜವಾಗಿ ಇತ್ತೋ, ಅವಳಿಗೋಸ್ಕರ ಹಾಗೆ ಹೇಳಿದೆನೋ, ಈಗ ಖಚಿತವಿಲ್ಲ. ಮಗು ಎದ್ದು ಅಳತೊಡಗಿತು. ಹಾಲು ಕೊಡಬೇಕು, ಇಡ್ತೀನಿ ಅತ್ತಿಗೆ ಅಂದಳು.