ಚಿಕ್ಕವ್ವನ ನಾಲ್ಕು ಪಾಟ್ಲಿ

ಹಿಟ್ಟಿನ ಗಿರಣಿಗೆ ಹೊಸ ಮೋಟಾರು ಕೂಡಿಸಲು ಅವ್ವ ಒಂದು ಲಕ್ಷ ಸಾಲ ತೆಗೆದದ್ದು ಹಿಂದಿನ ವರ್ಷ ಜೂನ್ ಹನ್ನೊಂದರಂದು. ಅಡವಿಟ್ಟ ನಾಲ್ಕು ಪಾಟ್ಲಿ ಬಳೆ ನಮ್ಮವಲ್ಲ, ಕರಜಗಿಯ ಚಿಕ್ಕವ್ವನವು. ತಂಗಿಯ ಬಂಗಾರ ಅಕ್ಕ ಅಡವಿಡುವುದು ನಮ್ಮಲ್ಲಿ ಹೊಸದಲ್ಲ. ಅದಕ್ಕೆ ಕಾಗದವಿಲ್ಲ, ಕೇಳಿದಾಗ ಕೊಡಬೇಕು, ಅಷ್ಟೇ. ಚಿಕ್ಕವ್ವನ ಮಗಳ ಮದುವೆ ಈ ಜೂನ್ ಇಪ್ಪತ್ತಕ್ಕೆ.

ತಿಂಗಳ ಕಂತಿಲ್ಲ, ವರ್ಷ ತುಂಬಿದ ದಿನ ಅಸಲು, ಬಡ್ಡಿ ಒಟ್ಟಿಗೆ ಕಟ್ಟಿ ಬಿಡಿಸಿಕೊಳ್ಳಿ ಎಂದು ಅಫಜಲಪುರದ ಬಂಗಾರದ ಸಾಲದ ಕಂಪನಿಯವರು ಹೇಳಿದ್ದರು. ಇದಕ್ಕೆ ಬುಲೆಟ್ ಮರುಪಾವತಿ ಎನ್ನುತ್ತಾರೆ. ರಸೀದಿಯ ಮೊದಲ ಸಾಲಿನಲ್ಲಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಎಂದಿತ್ತು. ನಾನು ಹನ್ನೆರಡರಿಂದ ಗುಣಿಸಿ, ಒಂದು ಲಕ್ಷ ಹನ್ನೆರಡು ಸಾವಿರ ಎಂದು ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಅವ್ವ ಆ ಅಂಕಿಯನ್ನು ನಂಬಿ ಕೂಡಿಟ್ಟಳು. ನಡುವೆ ಕಂಪನಿಯಿಂದ ಬಂದ ಇಂಗ್ಲಿಷ್ ಮೆಸೇಜುಗಳನ್ನು ಜಾಹೀರಾತೆಂದು ಅಳಿಸಿದವಳೂ ನಾನೇ.

ಮೊನ್ನೆ ಹನ್ನೊಂದರಂದು ಬೆಳಿಗ್ಗೆ ಹತ್ತೂವರೆಗೆ ಕೌಂಟರಿನವನು ಹಣ ಎಣಿಸಿ ತಲೆಯೆತ್ತಿದ. "ಇನ್ನ ಹನ್ನೆರಡು ಸಾವಿರ ಕೊಡ್ರಿ."

ನಾನು ಡೈರಿ ಮುಂದಿಟ್ಟೆ. ಅವನು ನಕ್ಕ. "ಲೆಕ್ಕ ಭಾಳ ಛಂದ ಬರದೀರಿ ತಂಗಿ. ನಮ್ಮ ಕಾಗದ ಮಾತ್ರ ಓದಿಲ್ಲ ನೋಡ್ರಿ."

ರಸೀದಿಯ ಹಿಂಬದಿಯಲ್ಲಿ ಬಡ್ಡಿಯ ಹಂತಗಳಿದ್ದವು. ಒಂದು ರೂಪಾಯಿ ದರ ತಿಂಗಳೊಳಗೆ ಬಡ್ಡಿ ಕಟ್ಟಿದವರಿಗೆ ಮಾತ್ರ. ಮೂರು ತಿಂಗಳಿಗೆ ಒಂದೂಕಾಲು, ಆರಕ್ಕೆ ಒಂದೂವರೆ, ಅದು ದಾಟಿದರೆ ಎರಡು. ಆ ಎರಡು ರೂಪಾಯಿ ಬೀಳುವುದು ಏಳನೆಯ ತಿಂಗಳಿಂದಲ್ಲ, ಸಾಲ ತೆಗೆದ ಮೊದಲ ದಿನದಿಂದ.

"ಇದ್ದಷ್ಟು ಕಟ್ಟಿದ್ರ ಎರಡು ಪಾಟ್ಲಿನಾದ್ರೂ ಕೊಡ್ರಿ," ಎಂದಳು ಅವ್ವ.

"ನಾಲ್ಕೂ ಒಂದೇ ಪಾಕೀಟಿನ್ಯಾಗ ಸೀಲ್ ಆಗ್ಯಾವ್ರಿ ಅಕ್ಕೋರೆ. ಪೂರಾ ತೀರಿದ ಮ್ಯಾಲೇ ಒಡಿಯೋದು."

"ಉಳಿದದ್ದು ಕಟ್ಟೋದು ತಡಾ ಆದ್ರ?"

ಅವನು ಗಾಜಿನ ಕೆಳಗಿದ್ದ ಪತ್ರಿಕೆಯ ತುಣುಕನ್ನು ಬೆರಳಿಂದ ತೋರಿಸಿದ. ಹರಾಜಿನ ಪ್ರಕಟಣೆ. ಹೆಸರುಗಳಿಲ್ಲ, ಉದ್ದಕ್ಕೂ ಸಾಲದ ನಂಬರುಗಳು. "ಮೊದಲು ನೋಟಿಸ್ ಬರತದ. ಆಮ್ಯಾಲೆ ಪೇಪರ್. ಆಮ್ಯಾಲೆ ಹರಾಜ್. ನಮ್ಮ ಬಾಕಿ ಮುರಕೊಂಡು ಮಿಕ್ಕಿದ ರೊಕ್ಕ ನಿಮಗ ವಾಪಸ್ ಕೊಡ್ತೇವ್ರಿ."

"ರೊಕ್ಕ ವಾಪಸ್ ಬರತದ," ಎಂದಳು ಅವ್ವ. "ಪಾಟ್ಲಿ?"

ತಂದದ್ದನ್ನೆಲ್ಲ ಕಟ್ಟಿದೆವು, ಬಡ್ಡಿ ಹೋಗಿ ಅಸಲಿನಲ್ಲಿ ಹನ್ನೆರಡು ಸಾವಿರ ಉಳಿಯಿತು. ಇನ್ನು ಅದಕ್ಕೆ ದಿನಾ ದಂಡ ಸೇರುತ್ತದೆ.

ಮೆಟ್ಟಿಲಿಳಿಯುವಾಗ ಚಿಕ್ಕವ್ವನ ಫೋನು ಬಂತು. ಅವಳ ದನಿ ನನಗೂ ಕೇಳುತ್ತಿತ್ತು.

"ಅಕ್ಕಾ, ಪಾಟ್ಲಿ ಬಂದಾವೇನ? ನಾಳೆ ಬೀಗರ ಮನಿ ಹೆಂಗಸ್ರು ಬಂಗಾರ ನೋಡಾಕ ಬರಾಕತ್ತಾರ. ಮುಂಜಾನಿ ತಗೊಂಡ ಬಾ."

ಅವ್ವ ನನ್ನ ಮುಖ ನೋಡಲಿಲ್ಲ.

"ಬಂದಾವ," ಎಂದಳು.