ನೋಡದ ಮಾಲಿಗೆ ಬಿದ್ದ ಸೀಲು

ನಮ್ಮ ಮ್ಯಾನೇಜರನಿಗೆ ಸೀಲು ಒತ್ತುವುದೆಂದರೆ ಎಲ್ಲಿಲ್ಲದ ಹುಮ್ಮಸ್ಸು. ಅಮೀರ್‌ಪೇಟ್‌ನ ಕೋಚಿಂಗ್ ಸಂಸ್ಥೆಯೊಂದರ ಹೆಡ್ ಆಫೀಸಿನಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಅವನು ಖರೀದಿ ನೋಡಿಕೊಳ್ಳುತ್ತಿದ್ದ. ನೋಡುತ್ತಿದ್ದ ಅನ್ನುವುದು ಬರೀ ಮಾತಿಗೆ.

ಆ ಬೇಸಿಗೆ ಊರಿನ ಇನ್ನೊಂದು ತುದಿಯ ಕುಷಾಯಿಗೂಡದ ನಮ್ಮ ಹುಡುಗಿಯರ ಹಾಸ್ಟೆಲಿಗೆ ನೀರು ಶುದ್ಧ ಮಾಡುವ ದೊಡ್ಡ ಮಷೀನು ತರಿಸಿದೆವು. ಹಣ ಕೊಡುವವರು ನಾವು, ಹಾಗಾಗಿ ಬಿಲ್ಲು ಅಮೀರ್‌ಪೇಟ್ ವಿಳಾಸಕ್ಕೆ. ಮಾಲು ಇಳಿಯಬೇಕಾದ್ದು ಕುಷಾಯಿಗೂಡದಲ್ಲಿ. ಆ ವಿಳಾಸವೂ ಬಿಲ್ಲಿನಲ್ಲೇ ಪಕ್ಕದ ಚೌಕದಲ್ಲಿತ್ತು. ಹಾಸ್ಟೆಲಿನವರು ಮಾಲು ನೋಡಿ ಸಹಿ ಮಾಡಬೇಕು, ಅದನ್ನು ನಂಬಿ ನಾವು ಹಣ ಕೊಡಬೇಕು. ಇಷ್ಟೇ ಸಂಗತಿ. ಇಷ್ಟೂ ಆ ಮಹಾಶಯನ ತಲೆಗೆ ಹೋಗಲಿಲ್ಲ.

ಅಂಗಡಿಯವನು ಬಿಲ್ಲು ತಂದಾಗ ಮಷೀನು ಇನ್ನೂ ಅವನ ಗೋದಾಮಿನಲ್ಲೇ ಇತ್ತು. ನಮ್ಮವನು ‘ಮಾಲು ಸುಸ್ಥಿತಿಯಲ್ಲಿ ಮುಟ್ಟಿದೆ’ ಎಂಬ ಸೀಲು ಒತ್ತಿ ಸಹಿ ಗೀಚಿದ.

“ಸರ್, ಮಾಲು ಇನ್ನಾ ಹಾಸ್ಟೆಲ್ ಮುಟ್ಟಿಲ್ಲರಿ,” ಎಂದೆ.

“ಬಿಲ್ ಯಾರ ಹೆಸರಿಗೈತಿ? ನಮ್ಮ ಹೆಸರಿಗೆ. ಅಂದಮ್ಯಾಲ ಮುಟ್ಟಿದ್ದೂ ನಮಗ. ನೀವು ಸುಮ್ನ ಕುಂದರ್ರಿ.”

ಇವನೂ ನಮ್ಮ ಕಲಬುರಗಿ ಕಡೆಯವನೇ ಎಂದು ನನಗೆ ನಾಚಿಕೆಯಾಯಿತು.

ಮರುದಿನ ಹಾಸ್ಟೆಲಿನಲ್ಲಿ ಪೆಟ್ಟಿಗೆ ಬಿಚ್ಚಿದರೆ ಮಷೀನಿನ ಟ್ಯಾಂಕು ಸೀಳಿಹೋಗಿತ್ತು. ವಾರ್ಡನ್ ಬೀದರಿನ ಹೆಂಗಸು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವರು ನಮ್ಮ ಆಫೀಸಿಗೆ ಫೋನು ಮಾಡಿದರು. ಅಂಗಡಿಯವನು ಬದಲಿಸಿ ಕೊಡಲು ಒಪ್ಪಲಿಲ್ಲ, ಸುಸ್ಥಿತಿಯಲ್ಲಿದೆ ಎಂದು ನಿಮ್ಮದೇ ಸೀಲಿದೆಯಲ್ಲ ಎಂದ. ನಮ್ಮ ಹೇಡಿ ಮ್ಯಾನೇಜರ ಕೂಡಲೇ ವಾರ್ಡನ್ ಮೇಲೆ ತಿರುಗಿದ. ಹಾಸ್ಟೆಲಿನಲ್ಲೇ ಒಡೆದಿದೆ, ದುಡ್ಡು ಅವರ ಸಂಬಳದಲ್ಲಿ ಹಿಡಿಯಿರಿ, ಒಪ್ಪದಿದ್ದರೆ ಕೆಲಸ ಬಿಡಲಿ ಎಂದ.

ಆಕೆ ವಾದಕ್ಕೆ ನಿಲ್ಲಲಿಲ್ಲ. ಟೆಂಪೋದಲ್ಲಿ ಮಷೀನು ಹೇರಿಸಿಕೊಂಡು ಅಮೀರ್‌ಪೇಟಿಗೆ ಬಂದು, ಮ್ಯಾನೇಜರನ ಬಾಗಿಲಿಗೆ ಅಡ್ಡ ಇಳಿಸಿದರು.

“ಸಾಹೇಬ್ರ, ಬಿಲ್ ನಿಮ್ಮ ಹೆಸರಿಗೈತಿ, ಮುಟ್ಟೇತಿ ಅಂತ ಸಹೀನೂ ನಿಮ್ದ. ಮಾಲೂ ನಿಮ್ಮ ಹತ್ರಾನ ಇರ್ಲಿ. ಇದರಾಗಿನ ನೀರು ನೀವ ಕುಡೀರಿ.”

ಗಲಾಟೆ ಕೇಳಿ ಬಂದ ಸಂಸ್ಥೆಯ ಮಾಲೀಕರು ಮಷೀನಿನ ಪಕ್ಕ ನುಸುಳಿ ಒಳಗೆ ಹೋಗಬೇಕಾಯಿತು. ಸಹಿ ಹಾಕುವ ಮೊದಲು ಈ ಮಷೀನನ್ನು ನೀನು ಎಲ್ಲಿ ನೋಡಿದೆ ಎಂದು ಮ್ಯಾನೇಜರನನ್ನು ತೆಲುಗಿನಲ್ಲಿ ಕೇಳಿದರು. ಅವನು ಮೇಜಿನ ಮೇಲಿದ್ದ ಸೀಲನ್ನು ನೋಡಿದ, ಉತ್ತರ ಅದು ಹೇಳಬೇಕೇನೋ ಎಂಬಂತೆ. ಹೊಸ ಟ್ಯಾಂಕಿನ ಖರ್ಚು ಅವನ ಸಂಬಳಕ್ಕೇ ಬಿತ್ತು. ನನಗೆ ಎಳ್ಳಷ್ಟೂ ಕನಿಕರ ಬರಲಿಲ್ಲ.

ಮಷೀನು ಹಾಸ್ಟೆಲಿಗೆ ಮರಳಿತು. ಹೊಸ ಟ್ಯಾಂಕಿನ ಬಿಲ್ಲು ಬಂದ ದಿನ ಅವನು ಅಭ್ಯಾಸದಂತೆ ಸೀಲು ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ನಾನು ಹಾಸ್ಟೆಲಿಗೆ ಫೋನು ಹಚ್ಚಿ ಅವನ ಮುಂದೆ ಹಿಡಿದೆ.

“ಮೇಡಂ, ಮಾಲು ಮುಟ್ಟೇತೇನ್ರಿ?” ಎಂದು ಮೆಲ್ಲಗೆ ಕೇಳಿದ.

“ನೀರು ತುಂಬಿ ನೋಡಾಕತ್ತೀನ್ರಿ,” ಎಂದರು ಆಕೆ. “ಅಲ್ಲೀತನಕ ಸುಮ್ನ ಕುಂದರ್ರಿ.”

ಅವನು ಸೀಲು ಕೈಯಲ್ಲಿ ಹಿಡಿದೇ ಕುಳಿತ.